ಒಂಬತ್ತನೇ ದಿನದ ಭಾಷಣ

ಕಾಫಿ ಪುಡಿಯ ಬಿಡುಗಡೆಗೆ ಹೋಗಿ ಒಂದು ಲೋಟ ಬಿಸಿ ಕಾಫಿ ಸಿಗದೆ ವಾಪಸ್ ಬರುವುದು ಕೊಡಗಿನಲ್ಲಿ ಸಾಧ್ಯವೇ? ಸಾಧ್ಯ. ಮೊನ್ನೆ ಭಾನುವಾರ ಗೋಣಿಕೊಪ್ಪದ ಸಣ್ಣ ಹಾಲ್‌ನಲ್ಲಿ ನಾವು ನಲವತ್ತು ಜನ ಅದನ್ನು ಸಾಧಿಸಿದೆವು.

ಕಾರ್ಯಕ್ರಮ ಹನ್ನೊಂದಕ್ಕೆ. ಎಲ್ಲರ ಮನೆಯಲ್ಲೂ ಎರಡನೇ ಕಾಫಿಯ ಹೊತ್ತು, ಅಲ್ವಾ? ಮನೆಯಲ್ಲಿ ಬೇಡ, ಅಲ್ಲೇ ಕುಡಿಯೋಣ ಅಂತ ಬಂದಿದ್ದೆವು. ಹಿಂದಿನ ಮೇಜಿನ ಮೇಲೆ ಸ್ಟೀಲ್ ಡ್ರಮ್ಮು ಹಬೆಯಾಡುತ್ತಿತ್ತು. “ಹೆಸರಿನ ಹಿಂದಿನ ಕಥೆ ಎರಡೇ ಮಾತಲ್ಲಿ ಹೇಳಿಬಿಡ್ತೀನಿ” ಅಂತ ನನ್ನ ಗೆಳೆಯ, ಕಂಪನಿಯ ಮಾಲೀಕ, ಮೈಕ್ ಹಿಡಿದ. ನಲವತ್ತೈದು ನಿಮಿಷ ಬಿಡಲಿಲ್ಲ.

ಪುಡಿಯ ಹೆಸರು ‘ಒಂಬತ್ತನೇ ದಿನ’. ಬೇಸಿಗೆಯಲ್ಲಿ ಕಾಫಿ ಗಿಡದ ಮೊಗ್ಗು ನಿದ್ದೆಯಲ್ಲಿರುತ್ತದೆ. ಮಾರ್ಚ್ ಹೊತ್ತಿಗೆ ಒಂದು ಇಂಚು ಮಳೆ ಬಿದ್ದರೆ ಎಚ್ಚರವಾಗಿ, ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ. ಇಷ್ಟು ಹೇಳಿ ನಿಲ್ಲಿಸಿದ್ದರೆ ಚಪ್ಪಾಳೆ ತಟ್ಟಿ ಡ್ರಮ್ಮಿನ ಕಡೆ ಓಡುತ್ತಿದ್ದೆವು. ಆದರೆ ಕಥೆಗೆ ಅವನ ಅಜ್ಜಿ ಬಂದರು.

“ಒಂಬತ್ತನೇ ದಿನ ಬೆಳಿಗ್ಗೆ, ಧೋ ಅಂತ ಸುರಿಯೋ ಮಳೆ. ನಮ್ಮಜ್ಜಿ ನೆನೆಯುತ್ತಾ ತೋಟದ ಮಧ್ಯೆ ನಿಂತಿದ್ದರು. ಸುತ್ತ ಬಿಳಿ ಹೂ. ಅಜ್ಜಿ ಕಣ್ಣಲ್ಲಿ ಆನಂದದ ನೀರು...”

ಹಾಲ್‌ನಲ್ಲಿ ಗುಸುಗುಸು ಶುರುವಾಯಿತು. ಮುಂದಿನ ಸಾಲಿನ ಹಿರಿಯರೊಬ್ಬರು, ಎಪ್ಪತ್ತೈದು ದಾಟಿದವರು, ಕೈ ಎತ್ತಿದರು. ಇವನು ಪ್ರಶ್ನೆ ಅಂದುಕೊಂಡು ಖುಷಿಯಿಂದ ಮೈಕನ್ನೇ ಕೊಟ್ಟ.

“ಮಗಾ, ಹೂ ಬಿಟ್ಟ ದಿನ ಮಳೆ ಬಂದರೆ ನಿಮ್ಮಜ್ಜಿ ಅತ್ತದ್ದು ಆನಂದಕ್ಕಲ್ಲ.”

ನಗಬೇಕೋ ಬೇಡವೋ ಯಾರಿಗೂ ಗೊತ್ತಾಗಲಿಲ್ಲ. ತೋಟ ಇದ್ದವರಿಗೆಲ್ಲ ಗೊತ್ತು, ಹೂ ಅರಳಿದ ದಿನ ಮಳೆ ಹೊಡೆದರೆ ಪರಾಗ ತೊಳೆದುಹೋಗುತ್ತದೆ. ರೋಬಸ್ಟಾಗೆ ಇನ್ನೂ ಕಷ್ಟ, ಅದಕ್ಕೆ ಬೇರೆ ಗಿಡದ ಪರಾಗವೇ ಬೇಕು. ಹೂ ಹಾಗೇ ಕಪ್ಪಾಗಿ ಉದುರುತ್ತದೆ, ಕಾಯಿ ಕಟ್ಟುವುದಿಲ್ಲ. ಅಂದರೆ ಅಜ್ಜಿ ನಿಂತಲ್ಲೇ ಆ ವರ್ಷದ ಫಸಲು ಹೋಗಿರುತ್ತದೆ. ಹಿರಿಯರು ಇದನ್ನೆಲ್ಲ ಮೈಕ್‌ನಲ್ಲೇ, ಒಂದನ್ನೂ ಬಿಡದೆ, ವಿವರಿಸಿದರು. ಆಮೇಲೆ ಅವರ ತೋಟದಲ್ಲಿ ಹಾಗೆ ಆದ ವರ್ಷದ ಕಥೆ. ಆಮೇಲೆ ಪಕ್ಕದ ತೋಟದ್ದು. ಮೈಕ್ ವಾಪಸ್ ಕೊಡುವಾಗ ಇನ್ನೊಂದು ಮಾತು: “ಒಂಬತ್ತನೇ ದಿನ ಅಂದ್ರಲ್ಲ, ಹನ್ನೊಂದನೇ ದಿನದ ಕಾರ್ಯಕ್ಕೆ ಇನ್ನೆರಡೇ ದಿನ ಬಾಕಿ ಅನ್ನೋ ಹಾಗಿದೆ. ಊಟ ಉಂಟಾ?”

ಈಗ ನಗು ಒಡೆಯಿತು. ನನ್ನ ಗೆಳೆಯನನ್ನು ಬಿಟ್ಟು. ಅವನು ಅದೇ ಅಜ್ಜಿಯನ್ನು ಅದೇ ಮಳೆಯಲ್ಲಿ ಮತ್ತೆ ನಿಲ್ಲಿಸಿ ಕಥೆ ಮುಂದುವರಿಸಿದ. ಹಬೆ ಅಷ್ಟರಲ್ಲಿ ನಿಂತಿತ್ತು.

ನನಗೆ ಉರಿದದ್ದು ಬರೀ ಕಾಫಿಗಲ್ಲ. ನಿಜವಾದ ಕಥೆ ನನಗೆ ಗೊತ್ತಿತ್ತು. ಅವನು ಮೊದಲು ಇಟ್ಟಿದ್ದು ‘ಕೂರ್ಗ್’ ಮತ್ತು ‘ಬೆಸ್ಟ್’ ಎರಡೂ ಸೇರಿಸಿದ ಹೆಸರು. 4,500 ರೂಪಾಯಿ ಕಟ್ಟಿ ಟ್ರೇಡ್‌ಮಾರ್ಕ್‌ಗೆ ಹಾಕಿದ. ಕೆಲವು ತಿಂಗಳಿಗೆ ಆಕ್ಷೇಪಣೆ ಬಂತು: 1999ರ ಕಾಯ್ದೆಯ ಸೆಕ್ಷನ್ 9. ಊರಿನ ಹೆಸರು, ಮಾಲಿನ ಗುಣ ಹೇಳುವ ಪದ, ಇವು ಎಲ್ಲ ವ್ಯಾಪಾರಿಗಳಿಗೂ ಬೇಕಾದವು, ಒಬ್ಬನೇ ಬೇಲಿ ಹಾಕಿಕೊಳ್ಳಲು ಬಿಡುವುದಿಲ್ಲ. ವರ್ಷಗಟ್ಟಲೆ ಮಾರಿ, ಆ ಹೆಸರಂದರೆ ಇವನೇ ಅಂತ ಜನಕ್ಕೆ ಗೊತ್ತಾಗಿದ್ದರೆ ಮಾತು ಬೇರೆ. ಇವನು ಇನ್ನೂ ಒಂದು ಪೊಟ್ಟಣವನ್ನೂ ಮಾರಿರಲಿಲ್ಲ. ಉತ್ತರಕ್ಕೆ ಒಂದು ತಿಂಗಳು ಟೈಮು.

ಆ ತಿಂಗಳ ಒಂದು ರಾತ್ರಿ, ಕರೆಂಟು ಹೋಗಿದ್ದಾಗ, ನನ್ನ ಮನೆಯ ಜಗಲಿಯಲ್ಲಿ ಕೂತು ಗೋಳಾಡಿದ. ಊರೂ ಬೇಡ, ಗುಣವೂ ಬೇಡ, ಮತ್ತೇನು ಇಡಲಿ ಅಂದ. ಮಳೆ ಬಿದ್ದು ಒಂಬತ್ತನೇ ದಿನ ಹೂ ಅಲ್ವಾ, ಅದನ್ನೇ ಇಡು ಅಂದವನು ನಾನು. ಅಲ್ಲಿ ಮೇಣದಬತ್ತಿ ಇತ್ತು, ಸೊಳ್ಳೆ ಇತ್ತು. ಅಜ್ಜಿ ಇರಲಿಲ್ಲ.

ಮನೆಗೆ ಬರುತ್ತಾ ದಾರಿಯುದ್ದಕ್ಕೂ ಸ್ಕೂಟರಿನ ಮೇಲೆ ಗೊಣಗಿದೆ. ಗೊಣಗುತ್ತಾ ಇನ್ನೊಂದು ನೆನಪಾಯಿತು. ನಮಗೆ ಎಂಟು ವರ್ಷ. ಬೇಸಿಗೆ ರಜೆ ಶುರುವಾಗುವ ಮೊದಲೇ ಅವನ ಮನೆಯಲ್ಲಿ ಬಿಡಾರ ಹೂಡುತ್ತಿದ್ದೆ. ಮೊದಲ ಮಳೆ ಬಿದ್ದ ಸಂಜೆ ಅವನ ಅಜ್ಜಿ ಅಡುಗೆಮನೆ ಗೋಡೆಯಲ್ಲಿ ಇದ್ದಿಲಿನಿಂದ ಒಂದು ಗೆರೆ ಎಳೆಯುತ್ತಿದ್ದರು. ಮರುದಿನದಿಂದ ಗೆರೆ ಎಳೆಯುವ ಕೆಲಸ ನಮ್ಮದು, ಸರದಿ ಪ್ರಕಾರ. ಆರನೇ ಗೆರೆಗೆ ಅಜ್ಜಿ ಮೋಡ ನೋಡುವುದು ಜಾಸ್ತಿಯಾಗುತ್ತಿತ್ತು. ಮಳೆ ಬರಲಿ ಅಂತಲ್ಲ, ಬಾರದಿರಲಿ ಅಂತ. ಒಂಬತ್ತಕ್ಕೆ ಕಿಟಕಿ ತೆಗೆದರೆ ಮಲ್ಲಿಗೆ ತರಹ ವಾಸನೆ.

ಹಾಗಾದರೆ ನನಗೆ ಆ ಲೆಕ್ಕ ಕಲಿಸಿದ್ದು ಯಾರು? ಸ್ವಲ್ಪ ಹೊತ್ತು ಗೊಣಗಾಟ ನಿಂತಿತು.

ಮನೆಗೆ ಬಂದು ಉಚಿತವಾಗಿ ಕೊಟ್ಟ ಪೊಟ್ಟಣ ತಿರುಗಿಸಿ ನೋಡಿದೆ. ಹಿಂಬದಿ ಪೂರ್ತಿ ಅಜ್ಜಿಯ ಕಥೆ, ಮಳೆ ಸಮೇತ. ಅದರ ಕೆಳಗೆ ಕಾನೂನು ಹೇಳುವ ಒಂದು ಸಾಲು: ಕಾಫಿ 60, ಚಿಕೋರಿ 40.

ಚಿಕೋರಿ ಹಾಕಿದ ಕಾಫಿಯನ್ನು ಆ ಅಜ್ಜಿ ನಾಯಿಗೂ ಕೊಡುತ್ತಿರಲಿಲ್ಲ.