ಕಾಲು ಸುತ್ತಿಗೇ ಕಿರುಚುವ ವಾಲ್ಯೂಮ್

"ವಾಲ್ಯೂಮ್ ಕಂಟ್ರೋಲ್ ಬದಲಾಯಿಸಿದ ಮೇಲೆ ಆಂಪ್ಲಿಫೈಯರ್ ಕಾಲು ಸುತ್ತಿಗೇ ಕಿರುಚುತ್ತೆ, ಮುಂದೆ ತಿರುಗಿಸಿದ್ರೂ ಅಷ್ಟೇ. ಯಾಕೆ?"

ಮಾರಾಯ್ರೇ, ಲಾಗ್ ಪಾಟ್ ಇರಬೇಕಾದ ಕಡೆ ಲೀನಿಯರ್ ಪಾಟ್ ಹಾಕಿರಬೇಕು. ತೀರ್ಥಹಳ್ಳಿಯಲ್ಲಿ ನಮ್ಮ ತಾಳಮದ್ದಲೆ ಸೆಟ್ಟಿಗೂ ಹೀಗೇ ಆಗಿತ್ತು. ಮೃದಂಗದವರು ಬೈದದ್ದು ಇನ್ನೂ ನೆನಪಿದೆ.

ಸದ್ದು ಅರ್ಧಕ್ಕೆ ಇಳಿದಂತೆ ಕಿವಿಗೆ ಅನಿಸಬೇಕಾದರೆ ಸುಮಾರು 10 ಡೆಸಿಬಲ್ ಇಳಿಯಬೇಕು. ಲೀನಿಯರ್ ಪಾಟಿನಲ್ಲಿ ಗುಬುಟು ನಡುವಿಗೆ ಬಂದಾಗ ವೋಲ್ಟೇಜ್ ಅರ್ಧ, ಅಂದರೆ ಬರೀ 6 ಡೆಸಿಬಲ್ ಕಡಿಮೆ. ಕಾಲು ಸುತ್ತಿನಲ್ಲಿ 12. ಹಾಗಾಗಿ ಮೆಲುದನಿಯೆಲ್ಲ ಆ ಮೊದಲ ಕಾಲು ಸುತ್ತಿನಲ್ಲೇ ಒತ್ತಿಕೊಂಡು ಕೂರುತ್ತೆ. ಲಾಗ್ ಪಾಟಿನಲ್ಲಿ ನಡುವೆ ಹತ್ತು-ಹದಿನೈದು ಪಾಲು ವೋಲ್ಟೇಜ್ ಮಾತ್ರ (ನೂರಕ್ಕೆ), ಅಂದರೆ 16ರಿಂದ 20 ಡೆಸಿಬಲ್ ಕಡಿಮೆ. ಆದ್ದರಿಂದ ಸದ್ದು ಕೈಗೆ ತಕ್ಕಂತೆ ಏರುತ್ತೆ.

ಪಾಟ್ ಬಿಚ್ಚಿ, ಗುಬುಟು ಸರಿಯಾಗಿ ನಡುವಿಗಿಟ್ಟು, ಗ್ರೌಂಡಿನ ಕಾಲಿಗೂ ನಡುಗಾಲಿಗೂ ಮಲ್ಟಿಮೀಟರ್ ಹಿಡಿಯಿರಿ. 100 ಕಿಲೋ ಓಮಿನದಾದರೆ 50 ಕಿಲೋ ಬಂದರೆ ಲೀನಿಯರ್, ಹತ್ತು-ಹದಿನೈದು ಕಿಲೋ ಬಂದರೆ ಲಾಗ್. 85-90 ಬಂದರೆ ಆಚೀಚೆ ಕಾಲುಗಳನ್ನು ಅದಲುಬದಲು ಹಿಡಿದಿದ್ದೀರಿ. ಅಂಗಡಿಯಲ್ಲಿ ಸಾಮಾನ್ಯವಾಗಿ A100K ಅಂತ ಬರೆದದ್ದು ಲಾಗ್, B100K ಲೀನಿಯರ್. ಅಗ್ಗದ ಲಾಗ್ ಪಾಟ್ ಎರಡು ನೇರ ತುಂಡು ಜೋಡಿಸಿದ್ದು. ನಡುವೆ ಸದ್ದು ಥಟ್ಟನೆ ಜಿಗಿದರೆ ಗಾಬರಿ ಬೀಳಬೇಡಿ.