ಸೆಕೆಗೆ ಒಂದು, ತಿಂಡಿಗೆ ಎರಡು

ನಮ್ಮ ಡೊಂಬಿವಲಿಯ ಬಿಲ್ಡಿಂಗಿನ ಎರಡನೇ ಮಾಳಿಗೆಯ ಅಕ್ಕ ಬಾಗಿಲಲ್ಲಿ ನಿಂತು, "ನವೆಂಬರಲ್ಲೂ ಎಂಥ ಸೆಕೆ ಮಾರಾಯ್ರೆ" ಅಂದರೆ ಅದು ಹವಾಮಾನದ ವರದಿಯಲ್ಲ. ಎಂಬತ್ತರ ಹತ್ತಿರದ ಜೀವ, ಬರೀ ಸೆಕೆ ಹೇಳಲು ಮೂರನೇ ಮಾಳಿಗೆ ಹತ್ತುವುದಿಲ್ಲ.

ಇದು ಗೊತ್ತಿದ್ದೂ ಹೋದ ವರ್ಷ ಎಡವಿದೆ. ಲೋಕಲ್ ತಪ್ಪುವ ಗಡಿಬಿಡಿಯಲ್ಲಿ, "ಹೌದಕ್ಕಾ, ಏನಾದ್ರೂ ಕೆಲಸ ಇತ್ತಾ?" ಅಂದುಬಿಟ್ಟೆ. ಅವರ ಮುಖ ಚಿಕ್ಕದಾಯಿತು. "ಎಂಥದ್ದೂ ಇಲ್ಲ, ಸುಮ್ನೆ ಬಂದೆ" ಎಂದು ಸೆರಗು ಸರಿಮಾಡಿಕೊಂಡು ಇಳಿದರು. ಸೆರಗಿನ ಮರೆಯಲ್ಲಿದ್ದ ಪ್ಲಾಸ್ಟಿಕ್ ಚೀಲ ನನ್ನ ಕಣ್ಣಿಗೆ ಬಿದ್ದಿತ್ತು. ಅದರಲ್ಲಿ ಗಂಡನ ರೈಲ್ವೆ ಪಿಂಚಣಿಯ ಕಾಗದವಿತ್ತು ಎಂದು ತಿಳಿದದ್ದು ಪಿಂಚಣಿ ನಿಂತ ಮೇಲೆ. ನವೆಂಬರಿನೊಳಗೆ ಜೀವಂತ ಪ್ರಮಾಣಪತ್ರ ಕೊಟ್ಟಿರಲಿಲ್ಲ. ಆಮೇಲೆ ಕೊಟ್ಟು, ಬಾಕಿಯೂ ಸೇರಿ ಬಂತು ಅನ್ನಿ. ಆದರೆ ಆ ನಡುವಿನ ದಿನಗಳಲ್ಲಿ ಅವರು ಏನು ತಿಂದರೋ ನಾನು ಕೇಳಲಿಲ್ಲ.

ಈಗ ನನ್ನದೊಂದು ಅಳತೆಯಿದೆ. ಸೆಕೆಗೆ ಒಂದೇ ಮಾತು, ಆದರೆ ನನ್ನ ಮನೆಯದ್ದು ಸೇರಿಸಿ: "ನಮ್ಮಲ್ಲಿ ರಾತ್ರಿಯೂ ಫ್ಯಾನು ಐದರಲ್ಲೇ ಅಕ್ಕಾ." ಬರೀ "ಹೌದು" ಅಂದರೆ ಬಾಗಿಲು ಹಾಕಿದ ಹಾಗೆ. ಫ್ಯಾನಿನಿಂದ ಕರೆಂಟ್ ಬಿಲ್ಲಿಗೆ, ಅಲ್ಲಿಂದ ಸೊಸೈಟಿ ಜಗಳಕ್ಕೆ ಹೋದರೆ ಅವರು ನನ್ನ ಕಷ್ಟ ಕೇಳುತ್ತಾ ತಮ್ಮದನ್ನು ನುಂಗಿಕೊಂಡು ಹೋಗುತ್ತಾರೆ. ತಿಂಡಿಯ ಮಾತಿಗೆ ಮಾತ್ರ ಎರಡು ಸುತ್ತು ಬೇಕು. ಮೊದಲ ಸುತ್ತಿನ "ಆಯ್ತು" ಯಾವಾಗಲೂ ಸುಳ್ಳು.

ಈ ಸಲ "ಎಂಥ ತಿಂಡಿ?" ಎಂದು ಮತ್ತೆ ಕೇಳಿದೆ.

"ಗಂಜಿ, ಉಪ್ಪಿನಕಾಯಿ. ಚಟ್ನಿ ಅರೆಯುವ ಕೈಯೆಲ್ಲಿ ಉಂಟು? ಬೆರಳೆಲ್ಲ ಸವೆದಿದೆ. ಮತ್ತೇ..."

ಆ ಎಳೆದ 'ಮತ್ತೇ'ಗೆ ಕಾಯಬೇಕು. ಅದು ಬಂದ ಮೇಲೆ ಮತ್ತೆ ಸೆಕೆಗೆ ಹೋಗಬಾರದು, ಹೊಸ ಪ್ರಶ್ನೆಯನ್ನೂ ಹಾಕಬಾರದು. ಅವರ ಕೊನೆಯ ಮಾತನ್ನೇ ಹಿಡಿದುಕೊಂಡೆ: "ಸವೆದ ಬೆರಳನ್ನು ಆ ಬೆರಳೊತ್ತುವ ಮಿಷನ್ನೂ ಗುರುತು ಹಿಡಿಯೋದಿಲ್ಲ, ಅಲ್ವಾ ಅಕ್ಕಾ?"

"ಅದೇ ಮಾರಾಯ್ರೆ! ನಾಲ್ಕು ಸಲ ಒತ್ತಿಸಿದ್ರು." ಪ್ಲಾಸ್ಟಿಕ್ ಚೀಲ ಹೊರಗೆ ಬಂತು.

ಜೀವಂತ ಪ್ರಮಾಣಪತ್ರಕ್ಕೆ ಬೆರಳು ಆಗದಿದ್ದರೆ ಮುಖ ತೋರಿಸಿದರೂ ನಡೆಯುತ್ತದೆ. ಮೊಬೈಲಿನಲ್ಲಿ ಆಧಾರ್, ಪಿಂಚಣಿ ಆದೇಶದ ಸಂಖ್ಯೆ, ಬ್ಯಾಂಕ್ ಖಾತೆ ತುಂಬಿಸಿ, ಕನ್ನಡಕ ತೆಗೆಸಿ ಕಿಟಕಿಯ ಬೆಳಕಿಗೆ ಮುಖ ಮಾಡಿಸಿದೆ. ಬೆಳಕು ಬೆನ್ನ ಹಿಂದಿದ್ದರೆ ಮುಖ ಕಪ್ಪಾಗಿ ಅದೂ ಹಟ ಮಾಡುತ್ತದೆ. "ಕಣ್ಣು ಮಿಟುಕಿಸಿ" ಅಂದರೆ ಅಕ್ಕ ನಾಚಿಕೊಂಡು ಗಟ್ಟಿಯಾಗಿ ಮುಚ್ಚಿಯೇಬಿಟ್ಟರು. ಎರಡನೇ ಸಲಕ್ಕೆ ಆಯಿತು, ಪ್ರಮಾಣಪತ್ರದ ಸಂಖ್ಯೆಯ ಮೆಸೇಜೂ ಬಂತು.

ಮೊಬೈಲ್ ಕೈಗೆ ಕೊಟ್ಟೆ. ಅಕ್ಕ ಏಳಲಿಲ್ಲ.

"ಮಧ್ಯಾಹ್ನಕ್ಕೆ ಎಂಥ ಪದಾರ್ಥ?"

ಎಂಟು ಹನ್ನೆರಡರ ಫಾಸ್ಟ್ ಹೋಗಿಯಾಗಿತ್ತು. "ಬಸಳೆ ಉಂಟಕ್ಕಾ" ಅಂದೆ, ಕೂತುಕೊಂಡು.