"ಒಂದೇ ಪರ್ಸೆಂಟ್" ಅಂತ ಹೇಳಿ ಕಾಂಪೋಸಿಷನ್ ಹಚ್ಚಬೇಡಿ

ನಿನ್ನೆ ಸಂಜೆಯಿಂದ ಹೊಟ್ಟೆ ಉರೀತಿದೆ, ಬರೆದೇ ಮಲಗೋಣ ಅಂತ ಕೂತಿದ್ದೇನೆ.

ನಮ್ಮ ಬೀದಿಯ ಕಿರಾಣಿ ಅಂಗಡಿಯವರು ಕಾಗದದ ಕಟ್ಟು ಹಿಡಿದುಕೊಂಡು ಮನೆಗೆ ಬಂದಿದ್ದರು. ಹೊಸದಾಗಿ ಜಿಎಸ್‌ಟಿ ನೋಂದಣಿ ಮಾಡಿಸಬೇಕು. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ಅಂಗಡಿಗಳಿಗೆ ನೋಟಿಸ್ ಬಂತಲ್ಲ, ಆವಾಗಿನಿಂದ ಅವರಿಗೆ ನಿದ್ದೆ ಇಲ್ಲ. "ಅಕ್ಕಾ, ಕಾಂಪೋಸಿಷನ್ ತಗೊಂಡುಬಿಡಿ, ಒಂದೇ ಪರ್ಸೆಂಟ್, ತಲೆನೋವೇ ಇಲ್ಲ ಅಂತ ಹೇಳಿದ್ದಾರೆ. ಫಾರಂ ತುಂಬಿಸಿಕೊಡಿ" ಅಂದರು. ಕಾಂಪೋಸಿಷನ್ ಅಂದರೆ ಸಣ್ಣ ವ್ಯಾಪಾರಿಗಳಿಗೆ ಅಂತ ಇರೋ, ಸರಳ ಲೆಕ್ಕದ ಜಿಎಸ್‌ಟಿ ಸ್ಕೀಮು. ಹೇಳಿದವರು ಯಾರೋ ಟ್ಯಾಕ್ಸ್ ಕೆಲಸ ಮಾಡುವವರೇ. ಅಂಗಡಿಯಲ್ಲಿ ಏನು ಮಾರ್ತೀರಿ, ಎಷ್ಟು ಲಾಭ ಇಟ್ಟುಕೊಳ್ತೀರಿ, ಗಿರಾಕಿ ಯಾರು ಅಂತ ಒಂದು ಮಾತೂ ಕೇಳಿಲ್ಲ!

ನಾನು ಇಷ್ಟು ವರ್ಷ ಅಂಗಡಿಗಳ ಲೆಕ್ಕ ಬರೆದೇ ಬದುಕಿದವಳು ಅಂತ ನಿಮಗೆಲ್ಲ ಗೊತ್ತು. ಈ "ಒಂದೇ ಪರ್ಸೆಂಟ್" ಅನ್ನೋ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತೆ. ಯಾವುದರ ಒಂದು ಪರ್ಸೆಂಟ್? ಲಾಭದ್ದಲ್ಲ, ತೆರಿಗೆ ಇರೋ ಮಾಲಿನ ಇಡೀ ಮಾರಾಟದ್ದು. ಅದನ್ನ ಗಿರಾಕಿಯಿಂದ ಬೇರೆಯಾಗಿ ವಸೂಲಿ ಮಾಡೋ ಹಾಗೂ ಇಲ್ಲ. ಟ್ಯಾಕ್ಸ್ ಇನ್‌ವಾಯ್ಸ್ ಕೊಡುವಂತಿಲ್ಲ, ತೆರಿಗೆ ತೋರಿಸದ ಬಿಲ್ ಆಫ್ ಸಪ್ಲೈ ಮಾತ್ರ. ಅದರ ನೆತ್ತಿಯ ಮೇಲೆ, ನಾನು ಕಾಂಪೋಸಿಷನ್‌ನವನು, ತೆರಿಗೆ ವಸೂಲಿ ಮಾಡಲು ಅರ್ಹನಲ್ಲ ಅಂತ ಬರೆದಿರಬೇಕು. ಅಂದರೆ ಆ ಒಂದು ಪರ್ಸೆಂಟ್ ಹೋಗೋದು ಅಂಗಡಿಯವನ ಗಲ್ಲಾಪೆಟ್ಟಿಗೆಯಿಂದಲೇ.

ಅವರ ಮುಂದೆಯೇ ಲೆಕ್ಕ ಹಾಕಿದೆ. ಅವರ ಮಾಲಿನಲ್ಲಿ ಜಾಸ್ತಿ ಇರೋದು ಬಿಸ್ಕತ್ತು, ಮೈಸೋಪು, ಟೂತ್‌ಪೇಸ್ಟು, ತಲೆಗೆ ಹಚ್ಚೋ ಎಣ್ಣೆ. 2025ರ ಸೆಪ್ಟೆಂಬರ್ 22ರಿಂದ ಇವೆಲ್ಲ 5 ಪರ್ಸೆಂಟ್‌ಗೆ ಇಳಿದಿವೆ. ಲೆಕ್ಕ ಸುಲಭವಾಗಲಿ ಅಂತ ಇಡೀ ಅಂಗಡಿಯನ್ನೇ 5 ಪರ್ಸೆಂಟ್ ಮಾಲು ಅಂದುಕೊಂಡೆವು. ವರ್ಷಕ್ಕೆ 60 ಲಕ್ಷದ ಮಾಲು ತರಿಸಿದರೆ ಅದರ ಮೇಲೆ 3 ಲಕ್ಷ ಜಿಎಸ್‌ಟಿ, ಒಟ್ಟು 63 ಲಕ್ಷ ಕೊಡ್ತಾರೆ. ನೂರಕ್ಕೆ ಹತ್ತು ಲಾಭ ಇಟ್ಟುಕೊಂಡರೆ ಮಾರೋ ಬೆಲೆ 66 ಲಕ್ಷ, ಜಿಎಸ್‌ಟಿ 3.30 ಲಕ್ಷ, ಗಿರಾಕಿಗಳಿಂದ ಬರೋದು 69.30 ಲಕ್ಷ. ಇದಕ್ಕಿಂತ ಜಾಸ್ತಿ ಕೇಳೋ ಹಾಗಿಲ್ಲ, ಎಂಆರ್‌ಪಿ ಇದೆಯಲ್ಲ.

ಮಾಮೂಲಿ ಜಿಎಸ್‌ಟಿಯಲ್ಲಿದ್ದರೆ ಏನಾಗುತ್ತೆ? ಬಂದ 3.30 ಲಕ್ಷದಲ್ಲಿ ಆಗಲೇ ಕೊಟ್ಟ 3 ಲಕ್ಷ ಕಳೆಯಬಹುದು. ಅದೇ ಇನ್‌ಪುಟ್ ಕ್ರೆಡಿಟ್. ಸರ್ಕಾರಕ್ಕೆ ಕಟ್ಟೋದು 30 ಸಾವಿರ. ಕೈಯಲ್ಲಿ ಪೂರ್ತಿ 6 ಲಕ್ಷ ಉಳೀತು.

ಕಾಂಪೋಸಿಷನ್‌ನಲ್ಲಿ ಕ್ರೆಡಿಟ್ ಇಲ್ಲವೇ ಇಲ್ಲ. ಆ 3 ಲಕ್ಷ ಮಾಲಿನ ಬೆಲೆಯಲ್ಲೇ ಮುಳುಗಿಹೋಗುತ್ತೆ. ಅದರ ಮೇಲೆ 69.30 ಲಕ್ಷಕ್ಕೆ ಒಂದು ಪರ್ಸೆಂಟ್, 69,300 ರೂಪಾಯಿ. ಉಳಿಯೋದು 5,60,700. ವರ್ಷಕ್ಕೆ 39,300 ರೂಪಾಯಿ ಸುಮ್ನೆ ಕಳಕೊಂಡ ಹಾಗೆ. ಕ್ಯಾಲ್ಕುಲೇಟರ್ ಅವರ ಕೈಗೇ ಕೊಟ್ಟೆ. ಎರಡು ಸಲ ಒತ್ತಿ ನೋಡಿ, ಕನ್ನಡಕ ತೆಗೆದು ಒರೆಸಿಕೊಂಡು, "ಇದು ಒಂದು ಪರ್ಸೆಂಟೇ ಅಲ್ವಾ ಅಕ್ಕಾ" ಅಂತ ಮತ್ತೆ ಕೇಳಿದರು. ಹೌದು, ಒಂದೇ ಪರ್ಸೆಂಟ್! ಆದರೆ ಆಚೆ ಕಡೆ ಇರೋದು 5 ಪರ್ಸೆಂಟ್ ಅಲ್ಲ, ನಿಮ್ಮ ಲಾಭದ ಮೇಲಿನ 5 ಪರ್ಸೆಂಟ್ ಅಷ್ಟೇ. ಹತ್ತು ರೂಪಾಯಿ ಲಾಭದಲ್ಲಿ ಐವತ್ತು ಪೈಸೆ. ಇಲ್ಲಿ ನೂರಾ ಹದಿನೈದೂವರೆ ರೂಪಾಯಿಯ ಒಂದು ಪರ್ಸೆಂಟ್, ಒಂದು ರೂಪಾಯಿಗಿಂತ ಜಾಸ್ತಿ. ಹೋಲಿಕೆ ಮಾಡುವವರು ಒಂದನ್ನೂ ಐದನ್ನೂ ಪಕ್ಕಪಕ್ಕ ಇಟ್ಟು ನೋಡ್ತಾರೆ. ತಪ್ಪು ಆಗೋದೇ ಅಲ್ಲಿ.

5 ಪರ್ಸೆಂಟ್ ಮಾಲಿನಲ್ಲಿ ಕಾಂಪೋಸಿಷನ್ ಗಿಟ್ಟಬೇಕಾದರೆ ನೂರು ರೂಪಾಯಿ ಮಾಲಿನ ಮೇಲೆ ಹೆಚ್ಚುಕಡಿಮೆ 27 ರೂಪಾಯಿ ಲಾಭ ಇರಬೇಕು. ಯಾವ ಕಿರಾಣಿ ಅಂಗಡಿಯಲ್ಲಿ ಅಷ್ಟು ಸಿಗುತ್ತೆ ಹೇಳಿ. ಅದೇ 18 ಪರ್ಸೆಂಟ್ ಮಾಲಿಗೆ 7 ರೂಪಾಯಿ ದಾಟಿದರೆ ಸಾಕು. ಹಾಗಾಗಿ 18ರ ಮಾಲು ಇಟ್ಟು, ಮನೆಗೆ ಒಯ್ಯೋ ಗಿರಾಕಿಗೇ ಮಾರುವವರಿಗೆ ಇದು ಒಳ್ಳೆಯದೇ. ಅವರಿಗೆ ಬೇಡ ಅಂತ ನಾನು ಯಾವತ್ತೂ ಹೇಳಿಲ್ಲ.

ಇಲ್ಲಿ ನನ್ನದೇ ಒಂದು ತಪ್ಪು ಹೇಳಿಬಿಡಬೇಕು. 2019ರ ಏಪ್ರಿಲ್‌ನಲ್ಲಿ ಕಾಂಪೋಸಿಷನ್‌ಗೆ ಸೇರೋಕೆ ಇರೋ ವಹಿವಾಟಿನ ಮಿತಿ 1 ಕೋಟಿಯಿಂದ 1.5 ಕೋಟಿಗೆ ಏರಿತು. ನಾನು ಲೆಕ್ಕ ಬರೀತಿದ್ದ ಒಂದು ಎಲೆಕ್ಟ್ರಿಕಲ್ ಅಂಗಡಿಯನ್ನ, ಇದೇ ಮಾತು ಹೇಳಿ ನಾನೇ ಕಾಂಪೋಸಿಷನ್‌ಗೆ ಬದಲಾಯಿಸಿದೆ. ಅಂಗಡಿಯಲ್ಲಿ 9 ಲಕ್ಷದ ಸ್ಟಾಕ್ ಇತ್ತು. ಮಾಮೂಲಿಯಿಂದ ಕಾಂಪೋಸಿಷನ್‌ಗೆ ಹೋದರೆ ಇರೋ ಸ್ಟಾಕಿನ ಮೇಲೆ ಆಗಲೇ ತಗೊಂಡ ಕ್ರೆಡಿಟ್ ವಾಪಸ್ ಕಟ್ಟಬೇಕು, ITC-03 ಫಾರಂನಲ್ಲಿ. 18 ಪರ್ಸೆಂಟ್ ಅಂದರೆ 1,62,000. ಲೆಡ್ಜರ್‌ನಲ್ಲಿ ಇದ್ದ ಕ್ರೆಡಿಟ್ 40 ಸಾವಿರ. ಉಳಿದ 1,22,000 ನಗದು. ಆ ಮನುಷ್ಯ ಬಾಯಿಬಿಟ್ಟು ಒಂದು ಮಾತೂ ಬೈಯಲಿಲ್ಲ. ಅದೇ ನನಗೆ ಇವತ್ತಿಗೂ ಚುಚ್ಚುತ್ತೆ.

ಅಷ್ಟಕ್ಕೇ ಮುಗಿಯಲಿಲ್ಲ. ಅವರ ಅರ್ಧ ವ್ಯಾಪಾರ ಕಾಂಟ್ರಾಕ್ಟರ್‌ಗಳ ಜೊತೆ. ಸಾವಿರ ರೂಪಾಯಿ ಮಾಲು 150 ಲಾಭಕ್ಕೆ ಮಾರಿದಾಗ ಮೊದಲು ಬಿಲ್ 1,357. ಅದರಲ್ಲಿ 207 ಟ್ಯಾಕ್ಸನ್ನ ಕಾಂಟ್ರಾಕ್ಟರ್ ಕ್ರೆಡಿಟ್ ತಗೊಳ್ತಿದ್ದ, ಅವನಿಗೆ ಬಿದ್ದಿದ್ದು 1,150. ಕಾಂಪೋಸಿಷನ್ ಆದಮೇಲೆ ಅದೇ 150 ಲಾಭ ಉಳಿಸಿಕೊಳ್ಳೋಕೆ ಬಿಲ್ 1,344 ಆಯ್ತು. ಮನೆಯ ಗಿರಾಕಿಗೆ 13 ರೂಪಾಯಿ ಕಡಿಮೆ, ಆದರೆ ಕಾಂಟ್ರಾಕ್ಟರ್‌ಗೆ ಪೂರ್ತಿ 1,344 ಖರ್ಚು. ಬಿಲ್‌ನಲ್ಲಿ ಟ್ಯಾಕ್ಸೇ ಇಲ್ಲದ ಮೇಲೆ ಕ್ರೆಡಿಟ್ ಎಲ್ಲಿಂದ? ಮೂರು ತಿಂಗಳಲ್ಲಿ ಒಬ್ಬೊಬ್ಬರೇ ಪಕ್ಕದ ಅಂಗಡಿಗೆ ಹೋದರು. ತಮಿಳುನಾಡಿನ ಹೊಸೂರಿನಿಂದ ಬಂದ ಒಂದು ಆರ್ಡರ್ ಕೂಡ ಬಿಡಬೇಕಾಯ್ತು. ಕಾಂಪೋಸಿಷನ್‌ನವರು ಹೊರರಾಜ್ಯದಿಂದ ಮಾಲು ತರಿಸಬಹುದು, ಹೊರರಾಜ್ಯಕ್ಕೆ ಮಾರೋ ಹಾಗಿಲ್ಲ. ಕೊನೆಗೆ CMP-04 ಫಾರಂ ಹಾಕಿ ಕಾಂಪೋಸಿಷನ್‌ನಿಂದ ಹೊರಗೆ ಬಂದೆವು. 30 ದಿನದ ಒಳಗೆ ITC-01 ಹಾಕಿ ಸ್ಟಾಕಿನ ಕ್ರೆಡಿಟ್ ವಾಪಸ್ ತಗೊಂಡೆವು. ಹೋದ ಗಿರಾಕಿಗಳು ವಾಪಸ್ ಬರಲಿಲ್ಲ.

"ಕಾಗದ ಪತ್ರದ ರಗಳೆ ಕಡಿಮೆ ಅಲ್ವಾ, ಅದಕ್ಕೂ ಬೆಲೆ ಇದೆ" ಅಂತ ಯಾರಾದರೂ ಕಾಮೆಂಟ್ ಹಾಕ್ತೀರಿ. ಕಡಿಮೆ ಹೌದು. ಮೂರು ತಿಂಗಳಿಗೊಮ್ಮೆ CMP-08 ಹಾಕಿ ತೆರಿಗೆ ಕಟ್ಟೋದು, ವರ್ಷಕ್ಕೊಮ್ಮೆ GSTR-4 ರಿಟರ್ನ್. ಆದರೆ 5 ಕೋಟಿ ವರೆಗಿನ ಮಾಮೂಲಿ ವ್ಯಾಪಾರಿಗೂ ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕೋ ಸೌಕರ್ಯ ಇದೆ, ದುಡ್ಡು ಮಾತ್ರ ತಿಂಗಳಿಗೊಮ್ಮೆ ಕಟ್ಟಬೇಕು. ಖರೀದಿ ಬಿಲ್ಲು ಎರಡರಲ್ಲೂ ಜೋಡಿಸಿಡಲೇಬೇಕು. ಆ ಸಣ್ಣ ಉಳಿತಾಯಕ್ಕೆ ವರ್ಷಕ್ಕೆ 39 ಸಾವಿರ ತೆರಬೇಕಾ? ಅಷ್ಟರಲ್ಲಿ ಲೆಕ್ಕ ಬರೆಯೋಕೆ ಒಬ್ಬರನ್ನ ಇಟ್ಟುಕೊಂಡರೂ ಒಂದಿಷ್ಟು ಕೈಯಲ್ಲೇ ಉಳಿಯುತ್ತೆ. ಜೊತೆಗೆ ಹೊಸ ಫ್ರಿಜ್ ತಗೋಬೇಕು ಅಂತಿದ್ದಾರೆ. 50 ಸಾವಿರದ ಫ್ರಿಜ್ ಮೇಲಿನ 9 ಸಾವಿರ ಜಿಎಸ್‌ಟಿ ಕೂಡ ಕಾಂಪೋಸಿಷನ್‌ನಲ್ಲಿ ವಾಪಸ್ ಬರಲ್ಲ.

ನೋಂದಣಿ ಫಾರಂನಲ್ಲಿ ಕಾಂಪೋಸಿಷನ್ ಬೇಕಾ ಅಂತ ಒಂದು ಪ್ರಶ್ನೆ ಇರುತ್ತೆ. ಅಲ್ಲಿ ಏನೂ ಒತ್ತಬೇಡಿ ಅಂತ ಹೇಳಿ ಕಳಿಸಿದ್ದೇನೆ. ಭಾನುವಾರ ಮೂರು ತಿಂಗಳ ಖರೀದಿ ಬಿಲ್ಲುಗಳನ್ನ ತರ್ತಾರೆ. 5 ಪರ್ಸೆಂಟಿನವು ಒಂದು ಕಟ್ಟು, 18ರವು ಒಂದು ಕಟ್ಟು, ತೆರಿಗೆ ಇಲ್ಲದ ಅಕ್ಕಿ ಬೇಳೆಯದು ಒಂದು ಕಟ್ಟು ಮಾಡಿ, ಪ್ರತಿ ಕಟ್ಟಿಗೂ ಅವರ ನಿಜವಾದ ಲಾಭ ಹಾಕಿ ನೋಡ್ತೇವೆ. ಆಮೇಲೆ ಫಾರಂ.